ಸಹಾಯ ಬೇಕು: ಡಿಸ್ಟ್ರಿಬ್ಯೂಷನ್ ಡೇ ಲೆಕ್ಕ 5 ಅಂತ ಹಿಡೀಬೇಕಾ, 4 ಅಂತಲಾ?

ಸೂಚ್ಯಂಕ 0.2% ಅಥವಾ ಅದಕ್ಕಿಂತ ಹೆಚ್ಚು ಇಳಿದು, ವಾಲ್ಯೂಮ್ ಹಿಂದಿನ ದಿನಕ್ಕಿಂತ ಜಾಸ್ತಿ ಇದ್ರೆ ಮಾತ್ರ ಅದನ್ನ ಡಿಸ್ಟ್ರಿಬ್ಯೂಷನ್ ಡೇ ಅಂತ ಎಣಿಸ್ತಿದ್ದೀನಿ. ದೊಡ್ಡ ಸಂಸ್ಥೆಗಳು ಮಾರ್ತಿರೋ ಗುರುತು ಅದೇ. ವಾಲ್ಯೂಮ್ ಕಡಿಮೆ ಇದ್ದು ಬರೀ ಬೆಲೆ ಇಳಿದ ದಿನಗಳನ್ನ ಬಿಟ್ಟಿದ್ದೀನಿ. 25 ವಹಿವಾಟು ದಿನ ದಾಟಿದ್ದನ್ನ ತೆಗೀತೀನಿ. ಆ ದಿನದ ಮುಕ್ತಾಯದಿಂದ ಸೂಚ್ಯಂಕ 5% ಏರಿದ್ರೂ ತೆಗೀತೀನಿ, ಯಾಕಂದ್ರೆ ಆ ಮಾರಾಟವನ್ನ ಮಾರುಕಟ್ಟೆ ಅರಗಿಸಿಕೊಂಡಿದೆ ಅಂತರ್ಥ.

ಸಿಕ್ಕಿಹಾಕಿಕೊಂಡಿರೋದು ಈ 5% ಹತ್ರನೇ. ಉದಾಹರಣೆಗೆ, ಮೊದಲ ಡಿಸ್ಟ್ರಿಬ್ಯೂಷನ್ ಡೇ 980ಕ್ಕೆ ಮುಗಿದಿದೆ ಅಂದುಕೊಳ್ಳಿ. ಅದು ಹೋಗೋಕೆ 1029 ಮುಟ್ಟಬೇಕು. ಇವತ್ತು ದಿನದ ಗರಿಷ್ಠ 1030, ಆದ್ರೆ ಮುಕ್ತಾಯ 1024, ಅಂದ್ರೆ ಸುಮಾರು 4.5% ಅಷ್ಟೇ. ಉಳಿದ ನಾಲ್ಕೂ ಇದಕ್ಕಿಂತ ಮೇಲಿನ ಮಟ್ಟದವು, ಅವು ಹಾಗೇ ಉಳೀತಾವೆ. ವಾಲ್ಯೂಮ್ ಇನ್ನೊಮ್ಮೆ ತಾಳೆ ನೋಡಿದೆ, 25 ದಿನಗಳನ್ನ ಮತ್ತೆ ಎಣಿಸಿದೆ, ಅಲ್ಲೇನೂ ತಪ್ಪಿಲ್ಲ. ನಾನು 5 ಬಂದ್ರೆ ಹೊಸ ಖರೀದಿ ನಿಲ್ಲಿಸ್ತೀನಿ, ಹಾಗಾಗಿ ಈ ಒಂದು ದಿನದ ಮೇಲೇ ನಿರ್ಧಾರ ನಿಂತಿದೆ.

5% ಏರಿಕೆಯನ್ನ ದಿನದ ಗರಿಷ್ಠದಿಂದ ಅಳೀಬೇಕಾ, ಮುಕ್ತಾಯದಿಂದಲೇ ಅಳೀಬೇಕಾ? ಗರಿಷ್ಠ ಮುಟ್ಟಿ ಮತ್ತೆ ಕೆಳಗೆ ಮುಗಿದ ಇಂಥ ದಿನದಲ್ಲಿ ನೀವು ಹಳೇದನ್ನ ತೆಗೀತೀರಾ, ಇಟ್ಕೋತೀರಾ?