ಪ್ಯಾಕೆಟ್ ನಿಂತದ್ದು ಎಲ್ಲಿ? ನೆಟ್‌ವರ್ಕ್ ಪ್ರಶ್ನೋತ್ತರ

ಸುಂಟಿಕೊಪ್ಪದ ಹೋಂಸ್ಟೇ ಮಾಲೀಕರು: ಸರ್, ನಿನ್ನೆಯಿಂದ ವೈಫೈ ಇದ್ದರೂ ಇಂಟರ್‌ನೆಟ್ ಇಲ್ಲ. `ipconfig` ನನ್ನ ವಿಳಾಸವನ್ನು 192.168.1.7 ಎಂದೂ ಗೇಟ್‌ವೇಯನ್ನು 192.168.1.1 ಎಂದೂ ತೋರಿಸುತ್ತದೆ. ಗೇಟ್‌ವೇಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಹೊರಗಿನ ಗೂಗಲ್ ವಿಳಾಸ 8.8.8.8ಕ್ಕೆ ಮಾಡಿದರೆ ಬರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಮೂರನೆಯ ಸಾಲಿನ ರೂಟರ್ ಕೆಟ್ಟಿದೆಯೇ?

```
tracert -d 8.8.8.8
1   <1 ms  <1 ms  <1 ms  192.168.1.1
2    6 ms   5 ms   6 ms  10.20.0.1
3    *      *      *     Request timed out.
4    *      *      *     Request timed out.
```

ನಾಪೋಕ್ಲಿನ ಸದಸ್ಯರು: ನಕ್ಷತ್ರ ಬಂದರೆ ಆ ಯಂತ್ರ ಸತ್ತಿದೆ ಎಂದೇ ಅರ್ಥ. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿರಬೇಕು.

ಎಂಜಿನಿಯರ್, ಕುಶಾಲನಗರ: ಹಾಗೆ ಹೇಳಲಾಗದು. ಟ್ರೇಸ್‌ರೂಟ್ ಮೊದಲು ಒಂದನೆಯ ರೂಟರ್ ತನಕ ಮಾತ್ರ ಹೋಗಬಲ್ಲ ಪ್ಯಾಕೆಟ್ಟುಗಳನ್ನು, ಆಮೇಲೆ ಎರಡನೆಯದರ ತನಕ ಹೋಗಬಲ್ಲವುಗಳನ್ನು, ಹೀಗೆ ಆಯುಷ್ಯವನ್ನು ಒಂದೊಂದೇ ಹೆಚ್ಚಿಸುತ್ತ ಕಳುಹಿಸುತ್ತದೆ. ಆಯುಷ್ಯ ಮುಗಿದ ಕಡೆಯ ರೂಟರ್ ಅದನ್ನು ಬಿಸಾಡಿ ನಮಗೆ ಸುದ್ದಿ ಮುಟ್ಟಿಸುತ್ತದೆ. ಎಷ್ಟೋ ರೂಟರ್‌ಗಳು ಪ್ಯಾಕೆಟ್ಟನ್ನು ಸರಿಯಾಗಿ ಮುಂದಕ್ಕೆ ದಾಟಿಸುತ್ತವೆ, ಆದರೆ ಈ ಸುದ್ದಿಯನ್ನು ಮಾತ್ರ ಕಳುಹಿಸುವುದಿಲ್ಲ. ನಡುವೆ ನಕ್ಷತ್ರ ಬಂದು ಅದರ ಮುಂದಿನ ಸಾಲುಗಳಲ್ಲಿ ಉತ್ತರವಿದ್ದರೆ ಅಲ್ಲಿ ದೋಷವೇ ಇಲ್ಲ.

ನಿಮ್ಮ ಪಟ್ಟಿಯಿಂದ ಖಚಿತವಾಗುವುದು ಇಷ್ಟೇ: ಪ್ಯಾಕೆಟ್ ಮನೆಯಿಂದ ಹೊರಟು ಸಂಪರ್ಕ ಕೊಟ್ಟ ಕಂಪನಿಯ ಮೊದಲ ರೂಟರ್ ಮುಟ್ಟಿದೆ, ಅಲ್ಲಿಂದ ಉತ್ತರವೂ ಮರಳಿದೆ. ಆದ್ದರಿಂದ ಮನೆಗೆ ಬರುವ ಕೇಬಲ್ ತುಂಡಾಗಿಲ್ಲ. ಅದೇ ಕಂಪನಿಯ ಸಂಪರ್ಕವಿರುವ ನೆರೆಮನೆಯಲ್ಲಿ ಈಗಲೇ ಇದೇ ಆದೇಶ ಕೊಟ್ಟು ಫಲಿತಾಂಶ ಹಾಕಿ. ಸರಿಯಿರುವ ದಾರಿಯೊಡನೆ ಹೋಲಿಸದೆ ಮೂರನೆಯ ಸಾಲನ್ನು ದೂರುವುದು ಬೇಡ.

ಮಾದಾಪುರದ ಸದಸ್ಯರು: ನನಗೆ ಬಂದ ಸಂದೇಶ: “ಡಿಎನ್‌ಎಸ್ ಅನ್ನು 8.8.8.8 ಮಾಡಿ, ರೂಟರ್ ಹಿಂದಿನ ರಿಸೆಟ್ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿಯಿರಿ, ಎಲ್ಲವೂ ಸರಿಯಾಗುತ್ತದೆ.”

ಎಂಜಿನಿಯರ್: ದಯವಿಟ್ಟು ಯಾರೂ ಒತ್ತಬೇಡಿ. ಆ ಪಿನ್ನು ಕಂಪನಿಯವರು ತುಂಬಿಸಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡುಗಳನ್ನೂ ಅಳಿಸಿಬಿಡಬಹುದು. ಆಮೇಲೆ ಎರಡನೆಯ ಸಾಲೂ ಕಾಣದೆ, ಈಗ ಇರುವ ಸುಳಿವೂ ಹೋಗುತ್ತದೆ. 8.8.8.8ಕ್ಕೆ ಪ್ಯಾಕೆಟ್ಟೇ ತಲುಪದಿರುವಾಗ ಅದನ್ನೇ ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮಾಡಿ ಏನು ಪ್ರಯೋಜನ? ಬಂದ ಸಂದೇಶವನ್ನು ಓದಿ ನೋಡಿಯಾದರೂ ಹಂಚಬಾರದೇ?

ಸೋಮವಾರಪೇಟೆಯ ಸದಸ್ಯರು: ನನ್ನದರಲ್ಲಿ ವಿಳಾಸವೇ 169.254 ಎಂದು ಆರಂಭವಾಗುತ್ತದೆ. ನಾನೂ ಟ್ರೇಸ್ ಹಾಕಲೇ?

ಎಂಜಿನಿಯರ್: ಬೇಡ. ನಿಮ್ಮ ಲ್ಯಾಪ್‌ಟಾಪಿಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. `ipconfig /renew` ಕೊಡಿ, ಫಲಿಸದಿದ್ದರೆ ವೈಫೈ ಬಿಟ್ಟು ತಂತಿಯಿಂದ ಜೋಡಿಸಿ ನೋಡಿ.

ಭಾಗಮಂಡಲದ ಸದಸ್ಯರು: ನಮ್ಮಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಚೆನ್ನಾಗಿದೆ, ಯಾರಾದರೂ ತಿಳಿಸುವಿರಾ?

ನಾಪೋಕ್ಲಿನ ಸದಸ್ಯರು: ಮರ ಬಿದ್ದದ್ದು ಮನೆಯ ಹತ್ತಿರವೇ ಆಗಬೇಕೆಂದು ನಾನು ಹೇಳಲಿಲ್ಲ. ಕಂಪನಿಯ ರೂಟರ್‌ನಿಂದ ಆಚೆಗೂ ಕೇಬಲ್ ಇರುತ್ತದಲ್ಲವೇ?

ಮಾದಾಪುರದ ಸದಸ್ಯರು: ಹಾಗಾದರೆ ಊರಿಗೇ ಇಂಟರ್‌ನೆಟ್ ಇರಬಾರದಿತ್ತು. ಇನ್ನೊಬ್ಬರಿಗೆ ಸಹಾಯ ಮಾಡಲು ಬಂದವರ ಮಾತನ್ನು ಮಾತ್ರ ಇಲ್ಲಿ ಹೀಗಳೆಯುತ್ತಾರೆ.

ನಾಪೋಕ್ಲಿನ ಸದಸ್ಯರು: ಪಿನ್ ಹಾಕಿಸುವುದು ಸಹಾಯವೇ?

ಸುಂಟಿಕೊಪ್ಪದ ಹೋಂಸ್ಟೇ ಮಾಲೀಕರು: ನೆರೆಮನೆಯಲ್ಲಿ ಇಂಟರ್‌ನೆಟ್ ಇದೆ. ಅಲ್ಲಿಯ ಎರಡನೆಯ ಸಾಲೂ 10.20.0.1, ಮೂರನೆಯದು ಅಲ್ಲಿಯೂ ನಕ್ಷತ್ರ, ನಾಲ್ಕರಿಂದ ಮುಂದೆ ಉತ್ತರವಿದೆ.

ಎಂಜಿನಿಯರ್: ಈಗ ವಿಷಯ ಸ್ವಾರಸ್ಯವಾಯಿತು. ಮೂರನೆಯದು ಸರಿಯಿರುವ ದಾರಿಯಲ್ಲಿಯೂ ಮೌನವಾಗಿಯೇ ಇರುತ್ತದೆ, ಆದ್ದರಿಂದ ಅದನ್ನು ಲೆಕ್ಕದಿಂದ ಬಿಡೋಣ. ನಾಪೋಕ್ಲಿನವರು ಆಚೆಯ ಕೇಬಲ್ ಎಂದದ್ದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಆದರೆ ನೆರೆಯವರ ಪ್ಯಾಕೆಟ್ ಅದೇ ರೂಟರ್‌ನಿಂದ ಹೊರಗೆ ಹೋಗುತ್ತಿದೆ. ಹಾಗಾಗಿ ದೋಷ ದಾರಿಗಿಂತ ಹೆಚ್ಚಾಗಿ ನಿಮ್ಮ ಸಂಪರ್ಕಕ್ಕೆ ಕೊಟ್ಟ ವಿಳಾಸದಲ್ಲಿ ಅಥವಾ ಖಾತೆಯಲ್ಲಿ ಇರುವಂತಿದೆ: ಒಂದೋ ಕಂಪನಿಯವರು ನಿಮ್ಮ ಖಾತೆಯನ್ನು ಎರಡನೆಯ ರೂಟರ್‌ನಲ್ಲಿ ತಡೆದಿದ್ದಾರೆ, ಇಲ್ಲವೇ ನಿಮ್ಮ ಪ್ಯಾಕೆಟ್ ಹೊರಗೆ ಹೋಗುತ್ತಿದೆ, ಆದರೆ ಉತ್ತರಕ್ಕೆ ಮರಳುವ ದಾರಿ ಗೊತ್ತಿಲ್ಲ. ಟ್ರೇಸ್‌ರೂಟ್ ಇವೆರಡನ್ನೂ ಒಂದೇ ರೀತಿ ತೋರಿಸುತ್ತದೆ. ಮನೆಯಲ್ಲಿ ಕುಳಿತು ಇವನ್ನು ಬೇರ್ಪಡಿಸುವುದು ಕಷ್ಟ.

ರೂಟರ್‌ನ ಪುಟದಲ್ಲಿ ಕಾಣುವ, ಕಂಪನಿಯವರು ನಿಮ್ಮ ರೂಟರಿಗೆ ಕೊಟ್ಟ ವ್ಯಾನ್ ವಿಳಾಸವನ್ನು ಬರೆದಿಟ್ಟುಕೊಂಡು, ಕರೆಂಟ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಹೊಸ ವಿಳಾಸ ಬಂದೊಡನೆ ಸರಿಯಾದರೆ ಹಳೆಯ ವಿಳಾಸವೇ ತೊಡಕಾಗಿತ್ತು ಎನ್ನಬಹುದು. ಅದೇ ವಿಳಾಸ ಬಂದರೆ ಈ ಪರೀಕ್ಷೆ ಏನನ್ನೂ ಹೇಳದು. ಆಗ ಎರಡೂ ಮನೆಗಳ ಪಟ್ಟಿಯನ್ನು ಕಂಪನಿಗೆ ಕಳುಹಿಸಿ, ಬಿಲ್ಲು ಬಾಕಿ ಇದೆಯೇ ಎಂದೂ ಕೇಳಿ.

ಸುಂಟಿಕೊಪ್ಪದ ಹೋಂಸ್ಟೇ ಮಾಲೀಕರು: ಬಿಲ್ಲು ಕಟ್ಟಿದ್ದೇನೆ. ಕರೆಂಟ್ ತೆಗೆದು ಹಾಕಿದರೂ ಅದೇ ವಿಳಾಸ ಬಂದಿದೆ. ಕಂಪನಿಯವರು ರೂಟರ್ ಮರುಪ್ರಾರಂಭಿಸಿ ಎಂದಷ್ಟೇ ಹೇಳುತ್ತಾರೆ.

ಗೋಣಿಕೊಪ್ಪಲಿನ ಸದಸ್ಯರು: ಸರ್, ನನಗೂ ಮೂರನೆಯ ಸಾಲಿನಲ್ಲಿ ನಕ್ಷತ್ರ ಬರುತ್ತಿದೆ, ಉಳಿದವು ಸರಿ. ರೂಟರ್ ಬದಲಾಯಿಸಬೇಕೇ?

ಎಂಜಿನಿಯರ್: ಮೇಲೆ ಓದಿ. ಸುಂಟಿಕೊಪ್ಪದವರೇ, ಕರೆ ಸ್ವೀಕರಿಸುವವರಿಗೆ “ಇಂಟರ್‌ನೆಟ್ ಇಲ್ಲ” ಎನ್ನಬೇಡಿ. “10.20.0.1ರವರೆಗೆ ಉತ್ತರವಿದೆ, ಅದೇ ರೂಟರ್‌ನ ಮೂಲಕ ನೆರೆಮನೆಯದು ಹೋಗುತ್ತಿದೆ, ನನ್ನ ಸೆಷನ್ ಕಡಿದು ಬೇರೆ ವಿಳಾಸ ಕೊಡಿ” ಎಂದು ಬರೆದು ದೂರಿನ ಸಂಖ್ಯೆ ಪಡೆಯಿರಿ.