ಗಾಂಧೀಜಿಯವರ 10 ರೂಪಾಯಿ ಅಂಚೆಚೀಟಿ: ತಿದ್ದಿದ ಫೋಟೋ ಗುರುತಿಸುವುದು ಹೇಗೆ?

ಗದಗದಿಂದ ಪ್ರಶ್ನೆ: 1948ರ ಗಾಂಧೀಜಿಯವರ 10 ರೂಪಾಯಿ ಅಂಚೆಚೀಟಿಯೊಂದು, ಬಳಸಿದ್ದು, ಮಾರಾಟಕ್ಕಿದೆ. ಕಪ್ಪು ಹಿನ್ನೆಲೆಯ ಫೋಟೋದಲ್ಲಿ ಅಂಚಿನ ಒಂದು ಹಲ್ಲೂ ಮುರಿದಿಲ್ಲ. ಫೋಟೋ ತಿದ್ದಿರಬಹುದೇ? ಅನುಭವವಿದ್ದವರು ತಿಳಿಸಿ.

ಹುಬ್ಬಳ್ಳಿಯಿಂದ: ನಂಬಲರ್ಹ ಕ್ಯಾಟಲಾಗಿನ ಚಿತ್ರವನ್ನು ಪಕ್ಕದಲ್ಲಿಟ್ಟು ಹಲ್ಲುಗಳನ್ನು ಎಣಿಸಿ ನೋಡಿ. ಸ್ವಿಟ್ಜರ್ಲೆಂಡಿನ ಕೂರ್ವೋಸಿಯೆ ಮುದ್ರಣಾಲಯದಲ್ಲಿ ಅಚ್ಚಾದ ಈ ಚೀಟಿಯ ಅಂಚಿನಲ್ಲಿ ಪ್ರತಿ 2 ಸೆಂಟಿಮೀಟರಿಗೆ ಹನ್ನೊಂದೂವರೆ ರಂಧ್ರಗಳಿರುತ್ತವೆ. ಎಣಿಕೆ ಸರಿಹೊಂದಿದರೆ ಚಿಂತಿಸಬೇಕಿಲ್ಲ.

ಧಾರವಾಡದಿಂದ: ಎಣಿಕೆಯ ವಿಷಯದಲ್ಲಿ ಹುಬ್ಬಳ್ಳಿಯವರ ಮಾತು ಸರಿ, ಆದರೆ ತೀರ್ಮಾನ ಅಷ್ಟಕ್ಕೇ ನಿಲ್ಲಬಾರದು. ಕ್ಯಾಟಲಾಗಿನ ಚಿತ್ರವು ವಿನ್ಯಾಸ ಮತ್ತು ರಂಧ್ರಗಳ ಅಳತೆಯನ್ನು ಹೇಳುತ್ತದೆಯೇ ಹೊರತು, ನಿಮ್ಮೆದುರಿನ ಚೀಟಿಗೆ ಆಗಿರುವ ಹಾನಿಯನ್ನು ಹೇಳುವುದಿಲ್ಲ. ಬಳಸಿದ ಚೀಟಿಯ ನಿಜವಾದ ಗುರುತೆಂದರೆ ಅದರ ಮೇಲಿನ ಅಂಚೆ ಠಸ್ಸೆ, ಏಕೆಂದರೆ ಒಂದೇ ಠಸ್ಸೆ ಎರಡು ಚೀಟಿಗಳ ಮೇಲೆ ಅದೇ ಜಾಗದಲ್ಲಿ, ಅದೇ ಗಾಢತೆಯಲ್ಲಿ ಬೀಳುವುದು ತೀರಾ ಅಪರೂಪ. ಆದ್ದರಿಂದ ಫೋಟೋವನ್ನು ಚಿತ್ರಹುಡುಕಾಟಕ್ಕೆ ಹಾಕಿ, ಹಳೆಯ ಹರಾಜುಗಳಲ್ಲಿ ಅದೇ ಠಸ್ಸೆಯ ಚೀಟಿ ಸಿಗುತ್ತದೆಯೇ ನೋಡಿ.

ನನ್ನ ಸ್ನೇಹಿತರೊಬ್ಬರಿಗೆ ಬಂದಿದ್ದ ಇಂಥದ್ದೇ ಫೋಟೋವನ್ನು ಹಿಗ್ಗಿಸಿ ನೋಡಿದಾಗ, ಠಸ್ಸೆಯ ವೃತ್ತದ ಗೆರೆ ಬಲಅಂಚಿನವರೆಗೆ ಬಂದು, ಎರಡು ಹಲ್ಲುಗಳಲ್ಲಿ ಮಾತ್ರ ಕಾಣದೆ, ಮುಂದಿನ ಹಲ್ಲಿನಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಗೆರೆಯಿಲ್ಲದ ಆ ಎರಡು ಹಲ್ಲುಗಳ ತುದಿಯಲ್ಲಿ ಎದ್ದ ಕಾಗದದ ನಾರುಗಳೂ ಒಂದೇ ಆಕಾರದಲ್ಲಿದ್ದವು. ಕಾಗದ ಹರಿದಾಗ ಎಳೆಗಳು ಎಂದಿಗೂ ಹಾಗೆ ಏಳುವುದಿಲ್ಲ. ಹಿಂಬದಿಯ ಫೋಟೋ ತರಿಸಿದಾಗ ಅದರ ಎಡಅಂಚಿನಲ್ಲಿ, ಅಂದರೆ ಮುಂಬದಿಯ ಬಲಕ್ಕೆ ಸರಿಯಾಗಿ, ಎರಡು ಹಲ್ಲುಗಳು ಮೊಂಡಾಗಿದ್ದವು. ಮಾರುವವರು ಮುಂಬದಿಯನ್ನು ತಿದ್ದಿ, ಹಿಂಬದಿಯನ್ನು ಹಾಗೆಯೇ ಬಿಟ್ಟಿದ್ದರು.

ನೀವೂ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಬಿಳಿ ಹಾಳೆಯ ಮೇಲೆ ತೆಗೆದ ಹಿಂಬದಿಯ ಫೋಟೋ ಕೇಳಿ. ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಏಕೆಂದರೆ ವಾಟ್ಸಾಪ್ ಕುಗ್ಗಿಸಿದ ಚಿತ್ರದಲ್ಲಿ ನಾರುಗಳು ಕಾಣುವುದಿಲ್ಲ. ಕಾಗದ ತೆಳುವಾದ ಜಾಗ ಮಾತ್ರ ಚೀಟಿಯನ್ನು ಬೆಳಕಿಗೆ ಹಿಡಿದಾಗಲೇ ತಿಳಿಯುತ್ತದೆ.

ಹಾವೇರಿಯಿಂದ: ನನಗೆ ತೋರಿಸಿದ 1939ರ ಬೆಳ್ಳಿ ರೂಪಾಯಿಯ ಫೋಟೋದಲ್ಲಿ ಎರಡೂ 9 ಅಂಕಿಗಳು ಒಂದೇ ತೆರನಾಗಿವೆ. 1938ರ ನಾಣ್ಯದ ಫೋಟೋದಲ್ಲಿ 9 ಅಂಟಿಸಿರಬಹುದೇ?

ಧಾರವಾಡದಿಂದ: ಆಕಾರ ಒಂದೇ ಇರುವುದು ಸಹಜ. ಎರಡರ ಮೇಲೂ ಒಂದೇ ಗೀರು, ಒಂದೇ ಕಲೆ ಇದ್ದರೆ ಮಾತ್ರ ಅನುಮಾನಿಸಿ. ನಾಣ್ಯದ ಮೇಲೆಯೇ 8ನ್ನು ಕೆತ್ತಿ 9 ಮಾಡಿರುವುದೂ ಉಂಟು. ಅದನ್ನು ಫೋಟೋ ನೋಡಿ ಖಚಿತವಾಗಿ ಹೇಳಲಾರೆ.

ಗದಗದಿಂದ: ಹಿಂಬದಿಯ ಫೋಟೋ ಬಂದಿದೆ. ಹಲ್ಲುಗಳು ಪೂರ್ತಿ ಇವೆ, ಆದರೆ ಅಳತೆಪಟ್ಟಿ ಇಟ್ಟಿಲ್ಲ. ಮತ್ತೊಮ್ಮೆ ಕೇಳಿದ್ದೇನೆ.