ಅಪ್‌ಡೇಟ್: 60 ಹೆಡ್‌ಗಳ ಲೆಕ್ಕದಲ್ಲಿ ಎರಡು ಉತ್ತರ ಬಂದದ್ದೇಕೆ

ನನ್ನ ಪ್ರಶ್ನೆ ಹೀಗಿತ್ತು: "ನಾಣ್ಯವನ್ನು 100 ಬಾರಿ ಚಿಮ್ಮಿದಾಗ 60 ಅಥವಾ ಹೆಚ್ಚು ಹೆಡ್ ಬೀಳುವ ಸಂಭವನೀಯತೆಗೆ ಚೆಬಿಷೆವ್ ಅಸಮತೆಯಿಂದ 0.125, ಕೇಂದ್ರ ಮಿತಿ ಪ್ರಮೇಯದಿಂದ 0.0228 ಬರುತ್ತಿದೆ. ಯಾವುದು ತಪ್ಪು?"

ಎರಡೂ ತಪ್ಪಲ್ಲ, ಎರಡನ್ನೂ ಒಂದೇ ಬಗೆಯ ಉತ್ತರವೆಂದು ಭಾವಿಸಿದ್ದು ನನ್ನ ತಪ್ಪು. ಸರಾಸರಿ 50, ವೇರಿಯನ್ಸ್ 25 ಆಗಿರುವುದರಿಂದ ಸರಾಸರಿಯಿಂದ 10ರಷ್ಟಾದರೂ ದೂರ ಸರಿಯುವ ಸಂಭವನೀಯತೆ 25/100, ಅಂದರೆ 0.25ನ್ನು ಮೀರದು, ಎರಡೂ ಬದಿ ಸಮವಾಗಿರುವುದರಿಂದ ಒಂದು ಬದಿಗೆ 0.125. ಈ ಮಿತಿ ಸಡಿಲವೆನಿಸಿದರೂ ವ್ಯರ್ಥವಲ್ಲ. 40 ಮತ್ತು 60ಕ್ಕೆ ತಲಾ 0.125, 50ಕ್ಕೆ 0.75 ಸಂಭವನೀಯತೆ ಇರುವ ವಿತರಣೆಯ ಸರಾಸರಿ, ವೇರಿಯನ್ಸ್‌ಗಳೂ ಇವೇ ಆಗಿದ್ದು, ಅಲ್ಲಿ ಮಿತಿ ಕರಾರುವಾಕ್ಕಾಗಿ ಮುಟ್ಟುತ್ತದೆ. ಆದ್ದರಿಂದ ಈ ಎರಡು ಸಂಖ್ಯೆಗಳನ್ನಷ್ಟೇ ಬಲ್ಲವನು ಇದಕ್ಕಿಂತ ಬಿಗಿಯಾದ ಭರವಸೆ ಕೊಡಲಾರ.

ಬೈನಾಮಿಯಲ್ ಸೂತ್ರದಿಂದ ಕೂಡಿಸಿದಾಗ ನಿಜವಾದ ಬೆಲೆ 0.0284 ಬಂದಿತು. ನನ್ನ 0.0228 ಅದಕ್ಕಿಂತ ಕಡಿಮೆ. ಹಾಗಾಗಿ ಅದು ಅಂದಾಜೇ ಹೊರತು ಮೇಲ್ಮಿತಿಯಲ್ಲ. ಹೆಡ್‌ಗಳ ಎಣಿಕೆ ಪೂರ್ಣಾಂಕವಾದ್ದರಿಂದ 60ರ ಬದಲು 59.5ರಿಂದ ಅಳೆಯಬೇಕಿತ್ತು: z = 1.9, ಉತ್ತರ 0.0287. ಅರ್ಧ ಅಂಕದ ಈ ತಿದ್ದುಪಡಿ ಇಷ್ಟು ವ್ಯತ್ಯಾಸ ಮಾಡೀತೆಂದು ನಾನು ಎಣಿಸಿರಲಿಲ್ಲ.

ಆದರೆ 80 ಹೆಡ್‌ಗಳವರೆಗೆ ಹೋದರೆ ತಿದ್ದಿದ ಅಂದಾಜು ಸಹ ನಿಜಬೆಲೆಯ ಸುಮಾರು ಮೂರು ಪಟ್ಟಾಗುತ್ತದೆ. ಅಲ್ಲಿ ಚೆಬಿಷೆವ್ ಕೊಡುವ 0.0139 ಸುರಕ್ಷಿತವಾದರೂ ನಿಜಬೆಲೆಗಿಂತ ಕೋಟಿ ಪಟ್ಟಿಗೂ ಹೆಚ್ಚು.